ಒಳಗಿನವರಿಗೆ ಎಲ್ಲ ಗೊತ್ತಿರುತ್ತದೆಯೇ?

ಪ್ರಶ್ನೆ: ಒಂದು ಸಮುದಾಯದ ಹಾಡನ್ನು ಆ ಸಮುದಾಯದವರೇ ಅಧ್ಯಯನ ಮಾಡಿದರೆ ಸರಿ ಅಲ್ವಾ? ಹೊರಗಿನವರಿಗೆ ಏನು ಅರ್ಥವಾದೀತು?

ಇದೇ ಪ್ರಶ್ನೆ ಮತ್ತೆ ಬಂತು! ಈ ಸಲ ನನ್ನ ಎಡವಟ್ಟನ್ನೇ ಹೇಳುತ್ತೇನೆ.

ಶಿರಸಿ ಕಡೆಯ ನಮ್ಮ ಹವ್ಯಕರ ಮದುವೆ ಹಾಡುಗಳನ್ನು ನಾನೇ ರೆಕಾರ್ಡ್ ಮಾಡಿದೆ. ನಮ್ಮ ಅತ್ತೆಯಂದಿರೇ ಹಾಡುವವರು. ಇನ್ನೇನು ಬೇಕು? ಆದರೆ ಮನೆಗೆ ಬಂದು ಟಿಪ್ಪಣಿ ನೋಡಿದರೆ ಬರೀ ಹಾಡಿನ ಸಾಲುಗಳಿವೆ. ಯಾರು ಎತ್ತಿಕೊಂಡರು, ಯಾರು ತಿರುಗಿ ಹೇಳಿದರು, ಭಟ್ಟರ ಮಂತ್ರ ಜೋರಾದಾಗ ಹಾಡು ಏನಾಯಿತು, ಒಂದೂ ಇಲ್ಲ. ಚಿಕ್ಕಂದಿನಿಂದ ಕೇಳಿದ್ದರಿಂದ ಅದು ಬರೆಯುವ ವಿಷಯ ಅಂತಲೇ ಹೊಳೆದಿರಲಿಲ್ಲ. ಆಮೇಲೆ ಕೇಳಿದರೆ ಅತ್ತೆ, "ನಿಂಗೆ ಗೊತ್ತಿದ್ದಲೇ ಕೂಸೇ" ಅಂದು ಎದ್ದು ಹೋದರು. ಅದೇ ಪ್ರಶ್ನೆಯನ್ನು ಧಾರವಾಡದಿಂದ ಬಂದ ಹುಡುಗಿ ಕೇಳಿದಾಗ ಕೂತು ಅರ್ಧ ಗಂಟೆ ವಿವರಿಸಿದರು. ಆದರೆ ಬೀಗರನ್ನು ಛೇಡಿಸುವ ಹಾಡು ಬಂದಾಗ ಆ ಹುಡುಗಿ ನಿಜವಾದ ಜಗಳ ಅಂದುಕೊಂಡಳು. ಅದು ತಮಾಷೆ ಅಂತ ನನಗೆ ಗೊತ್ತಿತ್ತು, ಸರಿ.

ಇನ್ನು "ಒಳಗಿನವಳು" ಅನ್ನುವುದಾದರೂ ಎಲ್ಲಿಯವರೆಗೆ? ಘಟ್ಟ ಇಳಿದು ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೇರಿಗೆ ಹೋದರೆ ನಾನು ಅದೇ ಜಿಲ್ಲೆಯವಳೇ, ಆದರೆ ಗುಮಟೆ ವಾದ್ಯ ಹಿಡಿದವರ ಮುಂದೆ ಪೂರ್ತಿ ಪರಕೀಯಳು. ನಮ್ಮೂರ ಯಕ್ಷಗಾನದವರು ವೇಷ ಕಟ್ಟುವ ಚೌಕಿಯಲ್ಲೂ, ಹೆಣ್ಣಾದ್ದರಿಂದ, ಬಾಗಿಲಲ್ಲೇ ನಿಂತು ನೋಡಿದವಳು.

ಟಿಮೊತಿ ರೈಸ್ ಎಂಬ ಅಮೆರಿಕದ ಸಂಗೀತ ವಿದ್ವಾಂಸ ಬಲ್ಗೇರಿಯಾದ ಗಾಯ್ಡಾ ಕಲಿತರು. ಅದು ಚರ್ಮದ ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯ. ರಾಗ ಬಂತು, ಅದರ ಮೇಲಿನ ಕುಸುರಿ ಮಾತ್ರ ಬರಲಿಲ್ಲ. ಬೆರಳು ಬೇರೆಯೇ ಬೇಕು ಎಂಬಂತೆ ಗುರುಗಳು ಹೇಳುತ್ತಿದ್ದರು. ರಾಗ, ಕುಸುರಿ ಎರಡನ್ನೂ ಬೇರೆ ಬೇರೆ ಮಾಡಿ ಯೋಚಿಸುವುದನ್ನು ಬಿಟ್ಟು ಬೆರಳಿನ ಚಲನೆಯನ್ನೇ ಹಿಡಿದಾಗ ಕೈಗೆ ಬಂತು. ಆಗ ತಾನು ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ ಅಂತ ಅವರು 1994ರ ಪುಸ್ತಕದಲ್ಲಿ ಬರೆದರು.

ಹಾಗಾಗಿ ಪ್ರಬಂಧದ ಮೊದಲ ಪುಟದಲ್ಲಿ ಜಾತಿ, ಊರು ಬರೆದು ಮುಗಿಸುವ ಶಾಸ್ತ್ರ ನನಗೆ ಹಿಡಿಸುವುದಿಲ್ಲ. ನೀವು ಇದ್ದದ್ದರಿಂದ ಯಾವ ಹಾಡು ಬಂತು, ಯಾವುದು ಬಾಯಲ್ಲೇ ಉಳಿಯಿತು, ಅದನ್ನು ಆ ಹಾಡಿನ ಪಕ್ಕದಲ್ಲೇ ಬರೆಯಿರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ರೆಕಾರ್ಡಿಂಗ್ ಹಾಡಿದವರಿಗೇ ಮತ್ತೆ ಕೇಳಿಸಿ. ನಾನು ಮೊಬೈಲಿನಲ್ಲಿ ಹಾಕಿಕೊಟ್ಟಾಗ ಅತ್ತೆ ಮುಖ ಸಿಂಡರಿಸಿದರು. ಮೂರನೆಯ ಸಾಲಿನಲ್ಲಿ ಜೊತೆಗಾರ್ತಿ ತಪ್ಪಿದ್ದಳಂತೆ. ತಾವೇ ಇನ್ನೊಮ್ಮೆ ಹಾಡಿದರು. ಆ ತಪ್ಪು ಯಾಕೆ ತಪ್ಪು ಅಂತ ಹೇಳುವಾಗ, ನಾನು ಮೊದಲು ಬರೆಯದೆ ಬಿಟ್ಟಿದ್ದೆಲ್ಲ ಹೊರಬಂತು.