ಶನಿವಾರ 11 ಗಂಟೆಯ ಕುರ್ಚಿ: ಕ್ಯಾನ್ಸಲ್ ಚಾರ್ಜ್ ಮಾತು ಯಾವಾಗ, ಹೇಗೆ ಆಡಬೇಕು

ಪಾರ್ಲರ್‌ಗಳಲ್ಲಿ ಕ್ಯಾನ್ಸಲ್ ಚಾರ್ಜ್ ವಿಷಯಕ್ಕೆ ಆಗುವ ಜಗಳ ಹೆಚ್ಚಾಗಿ ದುಡ್ಡಿನಿಂದ ಶುರುವಾಗುವುದಿಲ್ಲ, ‘ಇದನ್ನ ಮೊದಲೇ ಯಾಕ್ರೀ ಹೇಳಲಿಲ್ಲ?’ ಎಂಬ ಪ್ರಶ್ನೆಯಿಂದ ಶುರುವಾಗುತ್ತದೆ. ಒಳಗೆ ಗೋಡೆಗೆ ಬೋರ್ಡ್ ಹಾಕಿದ್ದೇವೆ ಎಂಬ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಹರಿಹರದಿಂದ ಫೋನಿನಲ್ಲೇ ಬುಕ್ ಮಾಡಿದವರು ಆ ಗೋಡೆಯನ್ನು ನೋಡಿಯೇ ಇಲ್ಲ. ಹಾಗಾಗಿ ಶುಲ್ಕದ ಮಾತಿಗೆ ಸರಿಯಾದ ಜಾಗ ಬುಕಿಂಗ್ ಪಕ್ಕಾ ಮಾಡುವ ವಾಟ್ಸಾಪ್ ಮೆಸೇಜ್, ಅದೂ ಮುಂಗಡ ಬರುವ ಮೊದಲು. ಮುಂಗಡ ಹಾಕಿಸಿಕೊಂಡು ಆಮೇಲೆ ಷರತ್ತು ಕಳಿಸಿದರೆ ಗ್ರಾಹಕರಿಗೆ ಸಿಕ್ಕಿಹಾಕಿಸಿದ ಹಾಗೆ ಅನ್ನಿಸುತ್ತದೆ. ಹಾಗೆ ಅನ್ನಿಸಿದರೆ ಅದು ಅವರ ತಪ್ಪೂ ಅಲ್ಲ.

ಒಂದು ಉದಾಹರಣೆ ಹಿಡಿಯೋಣ. ದಾವಣಗೆರೆಯ ಎಂಸಿಸಿ ಬಿ ಬ್ಲಾಕ್‌ನಲ್ಲಿ ಎರಡು ಕುರ್ಚಿಯ ಪಾರ್ಲರ್. ಬುಧವಾರ ಒಬ್ಬರು ಫೋನ್ ಮಾಡಿ ಶನಿವಾರ ಬೆಳಿಗ್ಗೆ 11ಕ್ಕೆ ಹೇರ್ ಸ್ಮೂತನಿಂಗ್ ಕೇಳಿದ್ದಾರೆ. ದರ 4,500 ರೂ. ಕೂದಲು ತೊಳೆದು, ಕ್ರೀಮ್ ಹಚ್ಚಿ ಕಾದು, ಮತ್ತೆ ತೊಳೆದು ಒಣಗಿಸಿ, ಎಳೆ ಎಳೆಯಾಗಿ ಐರನ್ ಮಾಡಿ, ನ್ಯೂಟ್ರಲೈಸರ್ ಹಾಕಿ ಮುಗಿಸುವಷ್ಟರಲ್ಲಿ ನಾಲ್ಕು ಗಂಟೆ ಬೇಕು. ಕ್ರೀಮ್ ಕಾಯುವ ಹೊತ್ತಿನಲ್ಲಿ ಒಂದು ಐಬ್ರೋ ಮಾಡಬಹುದು, ಅಷ್ಟೆ. ಶನಿವಾರದ ಅರ್ಧ ದಿನ ಒಂದು ಕುರ್ಚಿ ಅವರದೇ. ಫೋನ್ ಇಟ್ಟ ತಕ್ಷಣ ಹೋಗಬೇಕಾದ ಮೆಸೇಜ್ ಹೀಗಿರಲಿ:

‘ನಮಸ್ಕಾರ ಮೇಡಂ. ಶನಿವಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಹೇರ್ ಸ್ಮೂತನಿಂಗ್‌ಗೆ ನಿಮ್ಮ ಹೆಸರು ಬರೆದುಕೊಂಡಿದ್ದೇವೆ. ದರ 4,500 ರೂ., ಅದರಲ್ಲಿ ಮುಂಗಡ 1,000 ರೂ. ದಿನ ಬದಲಿಸಬೇಕಾದರೆ ಅಥವಾ ಬರಲು ಆಗದಿದ್ದರೆ ಶುಕ್ರವಾರ ಬೆಳಿಗ್ಗೆ 11ರೊಳಗೆ ಇದೇ ನಂಬರಿಗೆ ಮೆಸೇಜ್ ಹಾಕಿ, ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ. ಅದಾದ ಮೇಲೆ ಕ್ಯಾನ್ಸಲ್ ಮಾಡಿದರೆ 1,000 ರೂ. ಕ್ಯಾನ್ಸಲ್ ಚಾರ್ಜ್ ಇರುತ್ತದೆ, ಅದನ್ನು ಮುಂಗಡದಲ್ಲೇ ಹಿಡಿದುಕೊಳ್ಳುತ್ತೇವೆ. ಆ ಹೊತ್ತಿಗೆ ಬೇರೆಯವರು ಸಿಕ್ಕರೆ ಚಾರ್ಜ್ ಇಲ್ಲ. ಒಪ್ಪಿಗೆಯಿದ್ದರೆ ‘ಸರಿ’ ಎಂದು ಬರೆದು ಮುಂಗಡ ಹಾಕಿ, ಬುಕಿಂಗ್ ಪಕ್ಕಾ ಮಾಡುತ್ತೇವೆ.’

ಇದರಲ್ಲಿ ‘24 ಗಂಟೆ ಮೊದಲು’ ಎಂಬ ಮಾತಿಲ್ಲ, ಬೇಕೆಂದೇ ಬಿಟ್ಟಿದ್ದು. 24 ಗಂಟೆ ಎಂದರೆ ನಮ್ಮ ಜನ ‘ಹಿಂದಿನ ದಿನ’ ಎಂದು ತಿಳಿಯುತ್ತಾರೆ, ಹಿಂದಿನ ದಿನ ಎಂದರೆ ರಾತ್ರಿ ಮಲಗುವ ತನಕ ಇದೆಯಲ್ಲ. ಶುಕ್ರವಾರ ಸಂಜೆ 7ಕ್ಕೆ ‘ನಾಳೆ ಬರಲ್ಲ’ ಎಂದು ಹೇಳಿದವರು ನಿಯಮ ಪಾಲಿಸಿದ್ದೇನೆ ಎಂದೇ ನಂಬಿರುತ್ತಾರೆ. ವಾರ ಮತ್ತು ಗಡಿಯಾರದ ಹೊತ್ತು ಬರೆದರೆ ಈ ವಾದ ಹುಟ್ಟುವುದೇ ಇಲ್ಲ. ‘ದರದಲ್ಲಿ ಶೇಕಡಾ ಇಷ್ಟು ಕಡಿತ’ ಎಂದು ಬರೆದು ಲೆಕ್ಕ ಅವರ ತಲೆಗೆ ಬಿಡುವುದಕ್ಕಿಂತ 1,000 ರೂ. ಎಂದೇ ಬರೆಯುವುದು ವಾಸಿ. ಮಂಗಳವಾರ ರಜೆ ಇಡುವ ಪಾರ್ಲರ್‌ನವರು ಇನ್ನೊಂದನ್ನು ನೋಡಿಕೊಳ್ಳಬೇಕು. ಬುಧವಾರದ ಬುಕಿಂಗ್‌ಗೆ ಗಡುವು ಮಂಗಳವಾರಕ್ಕೆ ಬರುತ್ತದೆ, ಅಂದು ಫೋನ್ ಎತ್ತುವವರಿಲ್ಲ. ಆ ಗಡುವನ್ನು ಸೋಮವಾರ ಸಂಜೆಗೆ ತನ್ನಿ, ಇಲ್ಲವೇ ರಜೆಯ ದಿನ ಬಂದ ಮೆಸೇಜ್ ಕೂಡ ಲೆಕ್ಕಕ್ಕಿದೆ ಎಂದು ಬರೆಯಿರಿ.

ಮರ್ಯಾದೆ ಇರುವುದು ‘ದಯವಿಟ್ಟು’ ಎಷ್ಟು ಸಲ ಬಂತು ಎಂಬುದರಲ್ಲಲ್ಲ, ಶುಲ್ಕಕ್ಕಿಂತ ಮೊದಲು ಅದನ್ನು ತಪ್ಪಿಸುವ ದಾರಿ ಹೇಳುವುದರಲ್ಲಿ. ಮುಂಗಡ ವಾಪಸ್ ಸಿಗುತ್ತದೆ ಎಂದು ಓದಿದ ಮೇಲೆ 1,000 ರೂ.ಗಳ ಸಾಲು ಚುಚ್ಚುವುದಿಲ್ಲ. ‘ದಂಡ’ ಎಂಬ ಪದವನ್ನಂತೂ ಬಿಡಿ, ಅದು ಟ್ರಾಫಿಕ್ ಪೊಲೀಸರ ಮಾತು. ಹಾಗೆಯೇ ‘ಸಾಧ್ಯವಾದರೆ ಮೊದಲೇ ತಿಳಿಸಿ’, ‘ಚಾರ್ಜ್ ಆಗಬಹುದು, ಸಹಕರಿಸಿ’ ಎಂದು ಮೆತ್ತಗೆ ಬರೆದರೆ ಅದು ವಿನಂತಿಯಾಯಿತು, ನಿಯಮವಾಗಲಿಲ್ಲ. ‘ಆಗಬಹುದು’ ಅಂದರೆ ಆಗದೆಯೂ ಇರಬಹುದು. ‘ಇರುತ್ತದೆ’ ಎಂದು ಮುಗಿಸಿ.

1,000 ರೂ. ಎಲ್ಲಿಂದ ಬಂತು ಎಂದು ಕೇಳಿದರೆ ಲೆಕ್ಕ ತೋರಿಸಲು ಬರಬೇಕು. ನಮ್ಮ ಉದಾಹರಣೆಯಲ್ಲಿ ಕ್ರೀಮ್, ನ್ಯೂಟ್ರಲೈಸರ್ ಇತ್ಯಾದಿ 1,200 ರೂ. ಎಂದಿಟ್ಟುಕೊಳ್ಳಿ. ಗ್ರಾಹಕರು ಬರದಿದ್ದರೆ ಡಬ್ಬ ತೆರೆಯುವುದೇ ಇಲ್ಲ, ಅದು ನಷ್ಟವಲ್ಲ. ಉಳಿದ 3,300 ರೂ. ಕುರ್ಚಿ ಮತ್ತು ಕೈಕೆಲಸದ ಬಾಬ್ತು. ಆ ನಾಲ್ಕು ಗಂಟೆಯಲ್ಲಿ ಹಾಗೇ ಬಂದವರಿಂದ 900 ರೂ. ಕೆಲಸ ಸಿಕ್ಕರೂ 2,400 ರೂ. ಖೋತಾ. ಅದರ ಅರ್ಧಕ್ಕಿಂತ ಕಡಿಮೆ ಇರುವ 1,000 ರೂ.ಗಳನ್ನು ಯಾರ ಮುಂದೆಯಾದರೂ ಸಮರ್ಥಿಸಬಹುದು. ಪೂರ್ತಿ 4,500 ಹಿಡಿದುಕೊಳ್ಳುತ್ತೇವೆ ಎಂದರೆ ಆಗುವುದಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಒಪ್ಪಂದದಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ. ಆದ ನಷ್ಟಕ್ಕೆ ತಾಳೆಯೇ ಆಗದಷ್ಟು ದಂಡ ಹಾಕುವ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಒಪ್ಪಂದದ ಪಟ್ಟಿಯಲ್ಲಿ ಇಟ್ಟಿದೆ. ‘ಬೇರೆಯವರು ಸಿಕ್ಕರೆ ಚಾರ್ಜ್ ಇಲ್ಲ’ ಎಂಬ ಸಾಲು ಮೆಸೇಜಿನಲ್ಲಿ ಇರುವುದು ಇದಕ್ಕೇ: ಇನ್ನೊಬ್ಬರು ಅದೇ ಕೆಲಸಕ್ಕೆ ಕುಳಿತರೆ ನಷ್ಟವೇ ಆಗಿಲ್ಲ.

ಹೆಚ್ಚು ಪಾರ್ಲರ್‌ಗಳು ಎಡವುವುದು ಎರಡನೇ ಮೆಸೇಜಿನಲ್ಲಿ. ಶುಕ್ರವಾರ ರಾತ್ರಿ ಅಂಗಡಿ ಮುಚ್ಚುವಾಗ ‘ನಾಳೆ 11ಕ್ಕೆ ಬನ್ನಿ, ತಪ್ಪಿಸಿದರೆ ಚಾರ್ಜ್ ಇದೆ’ ಎಂದು ಕಳಿಸುತ್ತಾರೆ. ಗಡುವು ಬೆಳಿಗ್ಗೆಯೇ ಮುಗಿದಿದೆ, ಈಗ ಹೇಳಿ ಏನು ಪ್ರಯೋಜನ? ಅದು ನೆನಪೋಲೆಯಲ್ಲ, ಬೆದರಿಕೆ. ನೆನಪಿನ ಮೆಸೇಜ್ ಗುರುವಾರ ಸಂಜೆ 6ರ ಹೊತ್ತಿಗೆ ಹೋಗಬೇಕು, ಮನೆಯಲ್ಲಿ ಮಾತಾಡಿಕೊಂಡು ಬೆಳಿಗ್ಗೆ ತಿಳಿಸಲು ಒಂದು ರಾತ್ರಿ ಸಿಗುತ್ತದೆ. ಎರಡೇ ಸಾಲು ಸಾಕು: ‘ಮೇಡಂ, ಶನಿವಾರ 11ಕ್ಕೆ ನಿಮ್ಮ ಸ್ಮೂತನಿಂಗ್ ಇದೆ. ಬದಲಾವಣೆ ಇದ್ದರೆ ನಾಳೆ ಬೆಳಿಗ್ಗೆ 11ರೊಳಗೆ ತಿಳಿಸಿ, ಆಮೇಲೆ 1,000 ರೂ. ಚಾರ್ಜ್ ಇರುತ್ತದೆ.’

ಮನೆಯಲ್ಲಿ ಮಾತಾಡಿಕೊಳ್ಳುವುದು ಎಂದಾಗ ಇನ್ನೊಂದು ವಿಷಯ. ನಮ್ಮ ಕಡೆ ಕೊನೇ ಗಳಿಗೆಯ ಕ್ಯಾನ್ಸಲ್‌ಗಳಲ್ಲಿ ಒಂದು ಪಾಲು ಪಂಚಾಂಗದಿಂದ ಬರುತ್ತದೆ. ಕೂದಲು ಕತ್ತರಿಸಲು ಹೊರಟವರಿಗೆ ಹಿಂದಿನ ರಾತ್ರಿ ಅಜ್ಜಿ ‘ನಾಳೆ ಅಮಾವಾಸ್ಯೆ ಕಣವ್ವಾ’ ಎಂದರೆ ಮುಗಿಯಿತು. ಮಂಗಳವಾರ, ಶುಕ್ರವಾರಗಳದ್ದೂ ಇದೇ ಕತೆ. ಬುಕ್ ಮಾಡುವಾಗಲೇ ಕ್ಯಾಲೆಂಡರ್ ನೋಡಿ ‘ಅವತ್ತು ಅಮಾವಾಸ್ಯೆ ಇದೆ, ಪರವಾಗಿಲ್ವಾ ಮೇಡಂ?’ ಎಂದು ಕೇಳಿಬಿಟ್ಟರೆ ಚಾರ್ಜಿನ ಮಾತೇ ಬರುವುದಿಲ್ಲ.

ಈಗ ಆ ಗ್ರಾಹಕರು ಶುಕ್ರವಾರ ಸಂಜೆ 7ಕ್ಕೇ ಕ್ಯಾನ್ಸಲ್ ಮಾಡಿದರು ಅನ್ನಿ. ತಕ್ಷಣ ಚಾರ್ಜ್ ಘೋಷಿಸಬೇಡಿ. ‘ತಿಳಿಸಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಬೇರೆಯವರು ಸಿಕ್ಕರೆ ಮುಂಗಡ ವಾಪಸ್ ಹಾಕುತ್ತೇವೆ, ಸಿಗದಿದ್ದರೆ ಬುಧವಾರ ಹೇಳಿದಂತೆ 1,000 ರೂ. ಹಿಡಿದುಕೊಳ್ಳುತ್ತೇವೆ. ನಾಳೆ ಸಂಜೆ ತಿಳಿಸುತ್ತೇವೆ’ ಎಂದು ಬರೆದು, ಕಾಯುವ ಪಟ್ಟಿಯಲ್ಲಿ ಇರುವವರಿಗೆ ಫೋನ್ ಹಚ್ಚಿ. ಮನೆಯಲ್ಲಿ ಸಾವು, ಆಸ್ಪತ್ರೆ ಎಂದರೆ ಪುರಾವೆ ಕೇಳದೆ ಬಿಟ್ಟುಬಿಡುವುದು ಸರಿ, ಆದರೆ ಬಿಟ್ಟದ್ದನ್ನೂ ಬರೆದೇ ಬಿಡಿ: ‘1,000 ರೂ. ಚಾರ್ಜ್ ಇತ್ತು, ಈ ಸಲ ತೆಗೆದುಕೊಳ್ಳುತ್ತಿಲ್ಲ.’ ಈ ಸಾಲು ಇಲ್ಲದಿದ್ದರೆ ಮುಂದಿನ ಸಲ ‘ಆವತ್ತು ತಗೊಂಡಿರಲಿಲ್ವಲ್ಲ’ ಎಂಬ ಮಾತು ಖಂಡಿತ ಬರುತ್ತದೆ.