ಕಂಪನಿಯನ್ನು ಬೈದವರು, ಹೊಗಳಿದವರು ಮತ್ತು ಅವರಿಂದ ಹುಟ್ಟಿದ ನಿಯಮಗಳು

2003ರಲ್ಲಿ ಮೈಕ್ರೋಸಾಫ್ಟ್‌ನಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ಒಬ್ಬರು, ಕಂಪನಿಯ ಅಂಗಳಕ್ಕೆ ಬಂದಿಳಿದ ಆಪಲ್ ಕಂಪ್ಯೂಟರ್‌ಗಳ ಫೋಟೊ ತೆಗೆದು ತಮ್ಮ ಬ್ಲಾಗ್‌ನಲ್ಲಿ ಹಾಕಿದರು. ಕಟ್ಟಡ ಕಾಣದಂತೆ ಎಚ್ಚರ ವಹಿಸಿಯೇ ಫೋಟೊ ತೆಗೆದಿದ್ದರು. ಆದರೆ ಸರಕು ಇಳಿಸುವ ಜಾಗ ಯಾವ ಕಟ್ಟಡದಲ್ಲಿದೆ ಎಂಬುದು ಅವರ ಬರಹದಿಂದ ತಿಳಿಯುವಂತಿತ್ತು. ಭದ್ರತೆಗೆ ಧಕ್ಕೆಯಾಯಿತೆಂದು ಕಂಪನಿ ಅವರನ್ನು ಕೆಲಸದಿಂದ ಕಳುಹಿಸಿತು. 2005ರ ಜನವರಿಯಲ್ಲಿ ಗೂಗಲ್‌ಗೆ ಹೊಸದಾಗಿ ಸೇರಿದ ಒಬ್ಬರು ಅಲ್ಲಿನ ಸಂಬಳ, ಸೌಲಭ್ಯಗಳ ಬಗ್ಗೆ ಬರೆದು, ಸೇರಿದ ತಿಂಗಳೊಳಗೇ ಕೆಲಸ ಕಳೆದುಕೊಂಡರು.

ಉದ್ಯೋಗಿಗಳು ತಮ್ಮ ಕಂಪನಿಯ ಬಗ್ಗೆ ಬರೆಯುವುದಕ್ಕೆ ನಿಯಮ ಬೇಕು ಎಂಬ ಮಾತು ಇಂಥ ಪ್ರಕರಣಗಳಿಂದ ಎದ್ದಿತು. ಸಹಜವಾಗಿಯೇ ಎಲ್ಲರ ಭಯ ಒಂದೇ ಆಗಿತ್ತು: ನೌಕರ ಗುಟ್ಟು ಬಿಟ್ಟುಕೊಡುತ್ತಾನೆ, ಇಲ್ಲವೇ ಬೈಯುತ್ತಾನೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ಕಾನೂನು ನಡೆದ ದಾರಿ ಬೇರೆ. ಬೈದವರಿಗೆ ಅದು ಒಂದಿಷ್ಟು ರಕ್ಷಣೆ ಕೊಟ್ಟಿತು. ಹಿಡಿದು ಕೇಳಿದ್ದು ಮರೆಯಲ್ಲಿ ನಿಂತು ಹೊಗಳಿದವರನ್ನು.

ಮೊದಲ ಒಳ್ಳೆಯ ನಿಯಮಾವಳಿಗಳಲ್ಲಿ ಒಂದು ಐಬಿಎಂನದು. 2005ರಲ್ಲಿ ಅದರ ಕರಡನ್ನು ವಕೀಲರ ಬದಲು ಕಂಪನಿಯೊಳಗೆ ಬ್ಲಾಗ್ ಬರೆಯುತ್ತಿದ್ದವರೇ ಒಂದು ವಿಕಿ ಪುಟದಲ್ಲಿ ಸೇರಿ ತಿದ್ದಿ ಸಿದ್ಧಪಡಿಸಿದರು. ಹೆಸರು ಹೇಳಿ ಬರೆಯಿರಿ. ಕಂಪನಿಗೆ ಸಂಬಂಧಿಸಿದ ವಿಷಯವಾದರೆ ನಿಮ್ಮ ಹುದ್ದೆಯನ್ನೂ ತಿಳಿಸಿ. 'ನಾವು' ಎನ್ನದೆ 'ನಾನು' ಎಂದು ಮಾತಾಡಿ. ಇದು ಕಂಪನಿಯ ನಿಲುವಲ್ಲ ಎಂದು ಸ್ಪಷ್ಟಪಡಿಸಿ. ಗೋಪ್ಯ ಮಾಹಿತಿ ಬೇಡ. ಇಂದಿಗೂ ಬಹುತೇಕ ನಿಯಮಾವಳಿಗಳು ಈ ಕೆಲವು ಸಾಲುಗಳ ಮರುಮುದ್ರಣವೇ.

ಇವುಗಳಲ್ಲಿ ಜನರಿಗೆ ಹೆಚ್ಚು ಹಿಡಿಸಿದ್ದು 'ಅಭಿಪ್ರಾಯಗಳು ನನ್ನವು ಮಾತ್ರ' ಎಂಬ ಸಾಲು. ಪ್ರೊಫೈಲ್‌ನಲ್ಲಿ ಒಮ್ಮೆ ಅಂಟಿಸಿಬಿಟ್ಟರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬಂತು. ನಿಜವಾಗಿ ಭಾರ ಹೊರುವುದು ಇನ್ನೊಂದು ಸಾಲು, ತಾನು ಯಾರೆಂದು ಹೇಳುವುದು. ಅದು ತೋರಿಬಂದದ್ದು 2007ರ ಜುಲೈನಲ್ಲಿ.

ಹೋಲ್ ಫುಡ್ಸ್ ಎಂಬ ದಿನಸಿ ಮಳಿಗೆಗಳ ಕಂಪನಿ ತನ್ನ ಪ್ರತಿಸ್ಪರ್ಧಿ ವೈಲ್ಡ್ ಓಟ್ಸ್ ಅನ್ನು ಕೊಳ್ಳಲು ಹೊರಟಿತ್ತು. ಅದನ್ನು ವಿರೋಧಿಸಿ ನ್ಯಾಯಾಲಯಕ್ಕೆ ಹೋದ ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಸಲ್ಲಿಸಿದ ದಾಖಲೆಯಲ್ಲಿ ಒಂದು ಸಂಗತಿ ಹೊರಬಂತು. ಕಂಪನಿಯ ಮುಖ್ಯಸ್ಥ ಜಾನ್ ಮ್ಯಾಕಿ ಅವರೇ ಯಾಹೂ ಷೇರು ಚರ್ಚೆಗಳಲ್ಲಿ ವರ್ಷಗಳ ಕಾಲ 'ರಹೋಡೆಬ್' ಎಂಬ ಸುಳ್ಳು ಹೆಸರಿನಲ್ಲಿ ತಮ್ಮ ಕಂಪನಿಯನ್ನು ಹೊಗಳಿ, ವೈಲ್ಡ್ ಓಟ್ಸ್ ಅನ್ನು ಹಳಿಯುತ್ತ ಬಂದಿದ್ದರು. ಮ್ಯಾಕಿಯವರ ತಲೆಗೂದಲ ಶೈಲಿ ಚೆನ್ನಾಗಿದೆ ಎಂದು ಸಹ ಮ್ಯಾಕಿಯವರೇ ಬರೆದಿದ್ದರು! ಷೇರು ಮಾರುಕಟ್ಟೆಯ ನಿಯಂತ್ರಕರು ವಿಚಾರಣೆ ನಡೆಸಿದರೂ ಕೊನೆಗೆ ಕ್ರಮ ಕೈಗೊಳ್ಳಲಿಲ್ಲ. ಆದರೆ ಮ್ಯಾಕಿಯವರ ಬರಹದ ಒಂದು ವಾಕ್ಯವೂ ಸುಳ್ಳಲ್ಲದಿದ್ದರೂ ಓದುಗನಿಗೆ ಮೋಸವಾಗುತ್ತಿತ್ತು ಎಂಬುದು ಎಲ್ಲರಿಗೂ ಹೊಳೆಯಿತು. ಯಾರ ಬಾಯಿಂದ ಬಂದ ಮಾತು ಎಂಬುದನ್ನು ನೋಡಿಯೇ ನಾವು ಹೊಗಳಿಕೆಯನ್ನು ತೂಗುತ್ತೇವೆ.

2009ರಲ್ಲಿ ಇದೇ ಕಮಿಷನ್ ಜಾಹೀರಾತು ಮಾರ್ಗಸೂಚಿಯನ್ನು ಪರಿಷ್ಕರಿಸಿದಾಗ ಅದರಲ್ಲಿ ಉದ್ಯೋಗಿಯದೇ ಒಂದು ಉದಾಹರಣೆ ಸೇರಿತು. ಸಂಗೀತ ಕೇಳುವ ಸಾಧನಗಳ ಬಗ್ಗೆ ಜನ ಚರ್ಚಿಸುತ್ತಿರುವಲ್ಲಿ, ಅಂಥ ಸಾಧನ ತಯಾರಿಸುವ ಕಂಪನಿಯ ನೌಕರನೊಬ್ಬ ಬಂದು ಅದನ್ನು ಹೊಗಳುತ್ತಾನೆ. ಅವನು ನೌಕರನೆಂದು ಗೊತ್ತಾದರೆ ಓದುಗರು ಆ ಮಾತಿಗೆ ಕೊಡುವ ಬೆಲೆ ಬದಲಾಗುತ್ತದೆ. ಆದ್ದರಿಂದ ಅವನು ಅದನ್ನು ಹೇಳಲೇಬೇಕು. ಅವನ ಪ್ರೊಫೈಲ್‌ನಲ್ಲಿ ಕಂಪನಿಯ ಹೆಸರಿದ್ದರೆ ಸಾಲದೇ? ಸಾಲದು ಎಂದೇ ಕಮಿಷನ್ ಮುಂದೆ ವಿವರಿಸಿತು. ಬರಹ ಓದುವವರೆಲ್ಲ ಪ್ರೊಫೈಲ್ ತೆರೆದು ನೋಡುವುದಿಲ್ಲ. ಸಂಬಂಧ ಆ ಬರಹದೊಳಗೇ ಕಾಣಬೇಕು.

ಇದನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ 2019ರ ಸಂಡೇ ರೈಲಿ ಪ್ರಕರಣವಿದೆ. ಈ ಸೌಂದರ್ಯವರ್ಧಕ ಕಂಪನಿಯ ಮೇಲಿನವರೇ ಸೆಫೋರಾ ಮಳಿಗೆಯ ಜಾಲತಾಣದಲ್ಲಿ ಸುಳ್ಳು ಖಾತೆಗಳಿಂದ ವಿಮರ್ಶೆ ಬರೆಯುವಂತೆ ನೌಕರರಿಗೆ ಹೇಳಿದ್ದರು. ಬೇರೆ ಬೇರೆ ಗುರುತಿನ ಖಾತೆ ತೆರೆಯಿರಿ, ನೀವೆಲ್ಲಿಂದ ಬರೆಯುತ್ತಿದ್ದೀರಿ ಎಂಬುದು ತಿಳಿಯದಂತೆ ವಿಪಿಎನ್ ಬಳಸಿ, ಟೀಕೆ ಕಂಡರೆ 'ಇಷ್ಟವಿಲ್ಲ' ಒತ್ತಿ ಎಂಬ ಸೂಚನೆಗಳು ಇಮೇಲ್‌ನಲ್ಲೇ ಇದ್ದವು. ಪ್ರಕರಣ ದಂಡವಿಲ್ಲದೆ, ಇನ್ನು ಮುಂದೆ ಹೀಗೆ ಮಾಡಬಾರದೆಂಬ ಆದೇಶದಲ್ಲಿ ಮುಗಿಯಿತು. ಅದು ತೀರಾ ಸಡಿಲವಾಯಿತೆಂದು ಕಮಿಷನ್‌ನ ಇಬ್ಬರು ಸದಸ್ಯರೇ ಆಕ್ಷೇಪಿಸಿದರು, ನನಗೂ ಹಾಗೇ ಅನಿಸುತ್ತದೆ. 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಹೊಸ ನಿಯಮ ಸುಳ್ಳು ವಿಮರ್ಶೆಗಳಿಗೂ ಒಳಗಿನವರ ಗುಟ್ಟಿನ ವಿಮರ್ಶೆಗಳಿಗೂ ದಂಡದ ದಾರಿ ತೆರೆದಿದೆ.

ಇನ್ನು ಟೀಕೆಯ ಕಡೆ. ಕೆಲಸದ ಸ್ಥಿತಿಗತಿಯ ಬಗ್ಗೆ ಸಹೋದ್ಯೋಗಿಗಳು ಒಟ್ಟಾಗಿ ಮಾತಾಡುವ ಹಕ್ಕನ್ನು ಅಮೆರಿಕದ 1935ರ ಕಾರ್ಮಿಕ ಕಾನೂನು ರಕ್ಷಿಸುತ್ತದೆ. ಅದು ಫೇಸ್‌ಬುಕ್‌ಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಪ್ರಕರಣಗಳಲ್ಲಿ ನನಗೆ ಅತ್ಯಂತ ಪಾಠ ಕಲಿಸುವಂತೆ ಕಂಡದ್ದು ಇಲಿನಾಯ್‌ನ ಒಂದು ಬಿಎಂಡಬ್ಲ್ಯು ಮಾರಾಟ ಮಳಿಗೆಯದು. 2010ರಲ್ಲಿ ಅಲ್ಲಿ ಹೊಸ ಕಾರಿನ ಬಿಡುಗಡೆ ಸಮಾರಂಭ ನಡೆಯಿತು. ಐಷಾರಾಮಿ ಕಾರು ನೋಡಲು ಬಂದ ಗ್ರಾಹಕರಿಗೆ ಅಗ್ಗದ ಹಾಟ್‌ಡಾಗ್ ಕೊಟ್ಟರೆ ಮಾರಾಟಕ್ಕೆ, ಅದರಿಂದ ತಮ್ಮ ಕಮಿಷನ್‌ಗೆ ಪೆಟ್ಟು ಎಂದು ಮಾರಾಟಗಾರರು ಮೊದಲೇ ತಕರಾರು ಎತ್ತಿದ್ದರು. ಅವರಲ್ಲೊಬ್ಬ ಆ ತಿನಿಸಿನ ಫೋಟೊಗಳನ್ನು ವ್ಯಂಗ್ಯದ ಟಿಪ್ಪಣಿಯೊಡನೆ ಫೇಸ್‌ಬುಕ್‌ಗೆ ಹಾಕಿದ. ಪಕ್ಕದಲ್ಲೇ ಅದೇ ಮಾಲೀಕರ ಲ್ಯಾಂಡ್ ರೋವರ್ ಮಳಿಗೆ. ಅಲ್ಲಿ ಚಾಲಕನ ಸೀಟಿನಲ್ಲಿ ಕುಳಿತ ಹುಡುಗನೊಬ್ಬ ಕಾರನ್ನು ಕೊಳಕ್ಕೆ ಇಳಿಸಿದ್ದ. ಅದರ ಫೋಟೊವನ್ನೂ ಈತ ಗೇಲಿ ಮಾಡಿ ಹಾಕಿದ. ಕೆಲಸ ಹೋಯಿತು.

ವಿಚಾರಣೆ ನಡೆಸಿದ ನ್ಯಾಯಾಧೀಶರು ಎರಡನ್ನೂ ಬಿಡಿಸಿ ನೋಡಿದರು. ಹಾಟ್‌ಡಾಗ್ ಬರಹ ಸಹೋದ್ಯೋಗಿಗಳೆಲ್ಲರ ಗಳಿಕೆಯ ಪ್ರಶ್ನೆ, ಧಾಟಿ ಎಷ್ಟೇ ಕುಹಕದ್ದಾದರೂ ಅದಕ್ಕೆ ರಕ್ಷಣೆಯಿದೆ. ಅಪಘಾತದ ಬರಹ ಯಾರ ಕೆಲಸದ ಸ್ಥಿತಿಗೂ ಸಂಬಂಧಿಸಿದ್ದಲ್ಲ, ಬರೀ ಲೇವಡಿ, ಅದಕ್ಕಿಲ್ಲ. ವಜಾ ಮಾಡಿದ್ದು ಎರಡನೆಯದಕ್ಕಾಗಿ ಎಂದು ತೀರ್ಮಾನವಾದ್ದರಿಂದ 2012ರಲ್ಲಿ ಆ ಕಾನೂನನ್ನು ಜಾರಿಗೊಳಿಸುವ ಕಾರ್ಮಿಕ ಮಂಡಳಿಯೂ ವಜಾವನ್ನು ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ, ಎಲ್ಲರೊಡನೆ ಸೌಜನ್ಯದಿಂದಿರಬೇಕು, ಕಂಪನಿಯ ಹೆಸರಿಗೆ ಕುಂದು ತರುವ ಭಾಷೆ ಬಳಸಬಾರದು ಎಂಬ ಮಳಿಗೆಯ ನಿಯಮವನ್ನು ಅಕ್ರಮವೆಂದಿತು. ನ್ಯಾಯವಾದ ದೂರು ಹೇಳುವವರ ಬಾಯನ್ನೂ ಅದು ಮುಚ್ಚಿಸಬಹುದಾಗಿತ್ತು. ಆ ಬಳಿಕ ಇಂಥ ನಿಯಮಗಳನ್ನು ಅಳೆಯುವ ಮಾನದಂಡವನ್ನು ಮಂಡಳಿ 2017ರಲ್ಲಿ ಸಡಿಲಿಸಿತು, 2023ರಲ್ಲಿ ಮತ್ತೆ ಬಿಗಿಗೊಳಿಸಿತು.

ಹಾಗಾದರೆ ಮೇಲಿನ ಸಂಗೀತ ಸಾಧನದ ಉದಾಹರಣೆಯ ನೌಕರ ಬರೆಯುವುದಾದರೂ ಹೇಗೆ? 'ನಾನು ಈ ಸಾಧನ ತಯಾರಿಸುವ ಕಂಪನಿಯ ಪರೀಕ್ಷಾ ವಿಭಾಗದಲ್ಲಿದ್ದೇನೆ. ಇದರ ಬ್ಯಾಟರಿ ನನಗೆ ಮೆಚ್ಚುಗೆ, ಪರದೆ ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ.' ಮೊದಲ ವಾಕ್ಯವೇ ಸಂಬಂಧ ಹೇಳಿತು. ಹೊಗಳಿಕೆ ಅವನ ಸ್ವಂತ ಅನುಭವದ್ದು. ಕೊರತೆ ಯಾವ ಗ್ರಾಹಕನಿಗೂ ಕಾಣುವಂಥದ್ದು, ಗುಟ್ಟಲ್ಲ. 'ಮುಂದಿನ ಮಾದರಿಯಲ್ಲಿ ಪರದೆ ಸರಿಹೋಗುತ್ತದೆ' ಎಂದು ಸೇರಿಸಿದರೆ ಮಾತ್ರ ಗಡಿ ದಾಟಿದಂತೆ. ಅದು ಅವನ ಅಭಿಪ್ರಾಯವಲ್ಲ, ಕೆಲಸದಿಂದ ಸಿಕ್ಕ ಮಾಹಿತಿ. 'ಅಭಿಪ್ರಾಯಗಳು ನನ್ನವು ಮಾತ್ರ' ಎಂಬ ಸಾಲು ಅದನ್ನು ಮುಚ್ಚುವುದಿಲ್ಲ.

ಈಗ ಕಂಪನಿಗಳೇ ಸಿದ್ಧ ಬರಹಗಳನ್ನು ನೌಕರರಿಗೆ ಹಂಚಿ, ನಿಮ್ಮ ಖಾತೆಯಿಂದ ಹಾಕಿ ಎನ್ನುವುದು ಹೆಚ್ಚಿದೆ. ಅಲ್ಲಿ ಹೆಸರು ನೌಕರನದು, ಮಾತು ಪ್ರಚಾರ ವಿಭಾಗದ್ದು. ಅವನು ಎಂದೂ ಬಳಸದ ಸರಕನ್ನು 'ನನಗೆ ಅಚ್ಚುಮೆಚ್ಚು' ಎಂದು ಅವನ ಬಾಯಿಂದ ಹೇಳಿಸಿದರೆ, ಪಕ್ಕದಲ್ಲಿ ಕಂಪನಿಯ ಹೆಸರು ಎಷ್ಟು ದಪ್ಪಕ್ಷರದಲ್ಲಿದ್ದರೂ ಸಂಬಂಧ ಮಾತ್ರ ಬಯಲಾದಂತೆ, ಮಾತು ಸುಳ್ಳಾಗಿಯೇ ಉಳಿಯುತ್ತದೆ. ಇಂಥದ್ದನ್ನು ಹಾಕಲು ನಿರಾಕರಿಸುವ ನೌಕರನಿಗೆ ತೊಂದರೆ ಕೊಡಬಾರದು ಎಂಬ ಸಾಲು ಎಷ್ಟು ನಿಯಮಾವಳಿಗಳಲ್ಲಿದೆ ಎಂದು ಹುಡುಕಿ ನೋಡಬಹುದು.