ಎಷ್ಟು ಲೀಟರ್ ಹಾಲು ಹೋದರೆ ಟೀ ಅಂಗಡಿಗೆ ಗಿಟ್ಟುತ್ತದೆ?

ಟೀ ಅಂಗಡಿಯವರನ್ನು ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತದೆ ಅಂತ ಕೇಳಿದರೆ, ಕಪ್ ಲೆಕ್ಕದಲ್ಲಿ ಹೇಳುವವರು ಕಡಿಮೆ. "ಹದಿನಾರು ಲೀಟರ್ ಹಾಲು ಹೋಗುತ್ತೆ ಸಾರ್" ಅನ್ನುತ್ತಾರೆ. ಕಾಸ್ಟ್ ಅಕೌಂಟೆಂಟ್ ಆಗಿ ನನಗೆ ಈ ಉತ್ತರ ಬಹಳ ಇಷ್ಟ. ಹಾಲಿನ ಲೆಕ್ಕ ಹಿಡಿದುಕೊಂಡು ಹೋದರೆ ಅಂಗಡಿಯ ಇಡೀ ಆರ್ಥಿಕತೆ ಬಿಚ್ಚಿಕೊಳ್ಳುತ್ತದೆ. ಯಾವ ಖರ್ಚು ಟೀ ಜೊತೆಗೆ ಏರುತ್ತದೆ, ಯಾವುದು ಟೀ ಮಾರಿದರೂ ಮಾರದಿದ್ದರೂ ಅಷ್ಟೇ ಇರುತ್ತದೆ, ದಿನಕ್ಕೆ ಎಷ್ಟು ಕಪ್ ಹೋದರೆ ಕೈಯಿಂದ ದುಡ್ಡು ಹಾಕುವುದು ನಿಲ್ಲುತ್ತದೆ, ಎಲ್ಲವೂ ಅಲ್ಲಿಂದಲೇ ಸಿಗುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಅಂಗಡಿ ಅಂದುಕೊಳ್ಳಿ. ಮಾಲೀಕರು ಒಬ್ಬರು, ಜೊತೆಗೆ ಕೆಲಸಕ್ಕೆ ಒಬ್ಬ. ಒಂದು ಟೀಗೆ 12 ರೂಪಾಯಿ. ರೇಟುಗಳು ಊರಿಂದ ಊರಿಗೆ ಬದಲಾಗುತ್ತವೆ. ನಿಮ್ಮ ಊರಿನ ರೇಟು ಹಾಕಿಕೊಂಡರೂ ಲೆಕ್ಕದ ದಾರಿ ಇದೇ.

ಮೊದಲು ಒಂದು ಪಾತ್ರೆ ಟೀ ನೋಡೋಣ. ಒಂದು ಲೀಟರ್ ಹಾಲು, ಅದಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು. ಕುದ್ದು, ಸೋಸಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ 1,440 ಮಿಲಿ. ಕಪ್ಪಿಗೆ 90 ಮಿಲಿಯಂತೆ ಸುರಿದರೆ 16 ಕಪ್. ಹಾಲಿಗೆ 50 ರೂಪಾಯಿ, 40 ಗ್ರಾಂ ಟೀ ಪುಡಿಗೆ 16, ಸಕ್ಕರೆಗೆ ಐದೂವರೆ, ಶುಂಠಿ ಏಲಕ್ಕಿಗೆ ಎರಡೂವರೆ, ಗ್ಯಾಸಿಗೆ 6. ಒಟ್ಟು 80 ರೂಪಾಯಿ, ಅಂದರೆ ಕಪ್ಪಿಗೆ 5. ಪೇಪರ್ ಕಪ್ಪಿಗೆ ಮುಕ್ಕಾಲು ರೂಪಾಯಿ, ಚೆಲ್ಲಿದ್ದು, ಉಳಿದದ್ದು, ಒಡೆದ ಹಾಲು ಅಂತ ಕಾಲು ರೂಪಾಯಿ ಸೇರಿಸಿ. ಒಂದು ಕಪ್ ಟೀಗೆ ಬೀಳುವುದು 6 ರೂಪಾಯಿ.

ಇದು ಬದಲಾಗುವ ವೆಚ್ಚ. ಒಂದು ಕಪ್ ಮಾರಿದರೆ 6, ನೂರು ಕಪ್ ಮಾರಿದರೆ 600. ಅಂಗಡಿ ಬಾಗಿಲು ಹಾಕಿದ ದಿನ ಸೊನ್ನೆ. ಗ್ಯಾಸ್ ಮಾತ್ರ ಪೂರ್ತಿ ಈ ಗುಂಪಿಗೆ ಸೇರುವುದಿಲ್ಲ. ಗಿರಾಕಿ ಇಲ್ಲದ ಹೊತ್ತಲ್ಲೂ ಸಣ್ಣ ಉರಿಯಲ್ಲಿ ಒಲೆ ಉರಿಯುತ್ತಲೇ ಇರುತ್ತದಲ್ವಾ? ಅಷ್ಟು ಗ್ಯಾಸ್ ಟೀ ಹೋಗಲಿ ಬಿಡಲಿ ಖರ್ಚಾಗುತ್ತದೆ. ಸಣ್ಣ ಅಂಗಡಿಗೆ ಅದನ್ನು ಬೇರೆ ಮಾಡುತ್ತ ಕೂರುವ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಿಲಿಂಡರ್ ಎಷ್ಟು ಲೀಟರ್ ಹಾಲಿಗೆ ಬಂತು ಅಂತ ಎರಡು ಮೂರು ಸಲ ಬರೆದಿಟ್ಟು ಸರಾಸರಿ ತೆಗೆದರೆ ಸಾಕು.

12ಕ್ಕೆ ಮಾರಿ 6 ಖರ್ಚು ಕಳೆದರೆ 6 ಉಳಿಯಿತು. ಇದನ್ನು ಲಾಭ ಅಂತ ಕರೆಯಬೇಡಿ. ಅದಕ್ಕೆ ನಾವು ಕಾಂಟ್ರಿಬ್ಯೂಷನ್ ಅನ್ನುತ್ತೇವೆ. ಬಾಡಿಗೆ, ಸಂಬಳ ಮುಂತಾದ ತಿಂಗಳ ಖರ್ಚಿಗೆ ಆ ಕಪ್ ಕೊಡುವ ಪಾಲು ಅದು. ಆ ಖರ್ಚೆಲ್ಲ ತೀರಿದ ಮೇಲೆ ಬರುವ 6 ರೂಪಾಯಿ ಮಾತ್ರ ಲಾಭ.

ಹಾಗಾದರೆ ತಿಂಗಳ ಖರ್ಚು ಏನೇನು? ಬಾಡಿಗೆ 9,000. ಕೆಲಸದವನ ಸಂಬಳ 13,000. ಕರೆಂಟು, ನೀರು, ಕ್ಲೀನಿಂಗ್ ಸಾಮಾನು 2,000. ಸಾಲದ ಬಡ್ಡಿ 2,000. ಒಲೆ, ಪಾತ್ರೆ, ಕೌಂಟರಿಗೆ 60,000 ಹಾಕಿದ್ದಾರೆ, ಐದು ವರ್ಷ ಬಾಳಿಕೆ ಬರುತ್ತವೆ ಅಂದರೆ ತಿಂಗಳಿಗೆ ಸವೆತ 1,000. ಒಟ್ಟು 27,000. ಇದು ಸ್ಥಿರ ವೆಚ್ಚ. ಜೋರು ಮಳೆ ಬಂದು ದಿನವಿಡೀ ಹತ್ತೇ ಟೀ ಹೋದರೂ ಇದರಲ್ಲಿ ಒಂದು ರೂಪಾಯಿ ಕಡಿಮೆ ಆಗುವುದಿಲ್ಲ.

ಇಲ್ಲಿ ಜನ ಎಡವುವುದು ಜಾಸ್ತಿ. ಸಾಲದ ಕಂತು ಪೂರ್ತಿ ಖರ್ಚಿಗೆ ಬರೆಯುತ್ತಾರೆ. ಕಂತಿನಲ್ಲಿ ಬಡ್ಡಿಯಷ್ಟೇ ಖರ್ಚು, ಉಳಿದದ್ದು ಅಸಲು ವಾಪಸ್ ಮಾಡಿದ್ದು. ಅಂಗಡಿಗೆ ಕೊಟ್ಟ ಅಡ್ವಾನ್ಸ್ ಕೂಡ ಖರ್ಚಲ್ಲ, ಬಿಡುವಾಗ ವಾಪಸ್ ಬರುವ ದುಡ್ಡು. ಪಿಗ್ಮಿ ಇನ್ನೊಂದು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಶುರು ಮಾಡಿದ ಈ ಪದ್ಧತಿ ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ದಿನಾ ಸಂಜೆ ಏಜೆಂಟ್ ಬಂದು 200 ತೆಗೆದುಕೊಂಡು ಹೋಗುತ್ತಾರೆ. ಗಲ್ಲಾದಿಂದ ಹೋಯಿತು ಅಂತ ಅದನ್ನೂ ಖರ್ಚಿಗೆ ಸೇರಿಸಿದರೆ ಚೆನ್ನಾಗಿ ನಡೆಯುತ್ತಿರುವ ಅಂಗಡಿಯೂ ನಷ್ಟದಲ್ಲಿದ್ದ ಹಾಗೆ ಕಾಣುತ್ತದೆ. ಅದು ಉಳಿತಾಯ. ಕಂತು, ಪಿಗ್ಮಿಗೆ ದುಡ್ಡು ಹೊಂದಿಸಲೇಬೇಕು, ನಿಜ. ಆದರೆ ಆ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಇಡಿ.

ಈಗ ಭಾಗಿಸೋಣ. 27,000ವನ್ನು ಕಪ್ಪಿನ ಕಾಂಟ್ರಿಬ್ಯೂಷನ್ 6ರಿಂದ ಭಾಗಿಸಿದರೆ 4,500 ಕಪ್. 30 ದಿನವೂ ಅಂಗಡಿ ತೆಗೆದರೆ ದಿನಕ್ಕೆ 150. ಇದೇ ಬ್ರೇಕ್ ಈವನ್ ಪಾಯಿಂಟ್, ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ ಜಾಗ. ಭಾನುವಾರ ರಜೆ ಮಾಡಿ 26 ದಿನ ನಡೆಸಿದರೆ ದಿನಕ್ಕೆ 174 ಕಪ್ ಬೇಕು. ರಜೆಗೂ ಬಾಡಿಗೆ ಇದೆಯಲ್ಲ.

ಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಬೆಳಗ್ಗೆ ಐದಕ್ಕೆ ಎದ್ದು ಬಂದು ರಾತ್ರಿ ಒಂಬತ್ತರವರೆಗೆ ಒಲೆ ಮುಂದೆ ನಿಲ್ಲುವ ಮಾಲೀಕರಿಗೆ ಈ ಲೆಕ್ಕದಲ್ಲಿ ಒಂದು ಪೈಸೆಯೂ ಸಿಕ್ಕಿಲ್ಲ. 150 ಕಪ್ ಮಾರಿದರೆ ಕಟ್ಟಡದ ಮಾಲೀಕರಿಗೆ, ಬ್ಯಾಂಕಿಗೆ, ಕೆಲಸದವನಿಗೆ ಎಲ್ಲರಿಗೂ ಸಂದಿತು, ದುಡಿದವರಿಗೆ ಸೊನ್ನೆ. ಇದೇ ಕೆಲಸಕ್ಕೆ ಬೇರೆಯವರ ಹೋಟೆಲಿಗೆ ಹೋಗಿದ್ದರೆ 18,000 ಸಂಬಳ ಸಿಗುತ್ತಿತ್ತು ಅಂದುಕೊಳ್ಳಿ. ಅದನ್ನು ಸ್ಥಿರ ವೆಚ್ಚಕ್ಕೆ ಸೇರಿಸಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಆಗ ಒಟ್ಟು 45,000. ಬೇಕಾಗುವುದು ತಿಂಗಳಿಗೆ 7,500 ಕಪ್, ದಿನಕ್ಕೆ 250. ಹಾಲಿನ ಭಾಷೆಯಲ್ಲಿ ಹೇಳುವುದಾದರೆ ಹದಿನಾರು ಲೀಟರಿಗೆ ಸ್ವಲ್ಪ ಕಡಿಮೆ. ಒಂಬತ್ತೂವರೆ ಲೀಟರಿಗೆ ಅಂಗಡಿ ಉಸಿರಾಡುತ್ತದೆ, ಹದಿನಾರಕ್ಕೆ ಮನೆ ನಡೆಯುತ್ತದೆ. ಈ ಎರಡು ಸಂಖ್ಯೆಗಳ ನಡುವೆ ವರ್ಷಗಟ್ಟಲೆ ನಡೆಯುತ್ತಿರುವ ಅಂಗಡಿಗಳು ಬೇಕಾದಷ್ಟಿವೆ. ಅವರು ತಮ್ಮದೇ ಕೂಲಿಯನ್ನು ಲಾಭ ಅಂದುಕೊಂಡಿರುತ್ತಾರೆ.

ಈ ಲೆಕ್ಕ ನಿಜವಾಗಿ ಉಪಯೋಗಕ್ಕೆ ಬರುವುದು ಯಾರಾದರೂ ಕಡಿಮೆ ರೇಟಿಗೆ ಕೇಳಿದಾಗ. ಪಕ್ಕದ ಆಫೀಸಿನಿಂದ ಒಬ್ಬರು ಬಂದು, "ದಿನಾ 50 ಟೀ ಕಳಿಸಿ, ಆದರೆ 9 ರೂಪಾಯಿ ಮಾಡಿಕೊಡಿ" ಅಂದರು. ಮಾಲೀಕರು ಬೇಡ ಅಂದುಬಿಟ್ಟರು. ಯಾಕಣ್ಣ ಅಂತ ಕೇಳಿದೆ. "ಎಲ್ಲಾ ಸೇರಿ ಒಂದು ಟೀಗೆ 12 ಬೀಳುತ್ತೆ ಸಾರ್, 9ಕ್ಕೆ ಕೊಟ್ಟರೆ ಕಪ್ಪಿಗೆ 3 ರೂಪಾಯಿ ಲಾಸ್" ಅಂದರು. ಅವರು ಹೇಳಿದ 12 ಸುಳ್ಳಲ್ಲ. ದಿನಕ್ಕೆ 250 ಕಪ್ ಹೋಗುವಾಗ ಸ್ಥಿರ ವೆಚ್ಚ ಕಪ್ಪಿಗೆ 6 ಬೀಳುತ್ತದೆ, ಮೇಲೆ ಟೀಯದ್ದೇ 6. ಆದರೆ ಆಫೀಸಿಗೆ 50 ಟೀ ಕೊಟ್ಟ ಮಾತ್ರಕ್ಕೆ ಬಾಡಿಗೆ ಏರುವುದಿಲ್ಲ, ಸಂಬಳ ಏರುವುದಿಲ್ಲ. ಜಾಸ್ತಿ ಆಗುವ ಖರ್ಚು ಕಪ್ಪಿಗೆ 6 ಅಷ್ಟೇ. 9ಕ್ಕೆ ಕೊಟ್ಟರೆ 3 ಉಳಿಯುತ್ತದೆ, ದಿನಕ್ಕೆ 150, ತಿಂಗಳಿಗೆ 25 ಕೆಲಸದ ದಿನ ಹಿಡಿದರೆ 3,750.

ಹಾಗಂತ ಕಣ್ಣು ಮುಚ್ಚಿ ಒಪ್ಪಿಕೊಳ್ಳುವ ಹಾಗೂ ಇಲ್ಲ. ಆ ಆಫೀಸಿನವರಲ್ಲಿ ಎಷ್ಟು ಜನ ಈಗಾಗಲೇ ಅಂಗಡಿಗೆ ಬಂದು 12 ಕೊಟ್ಟು ಕುಡಿಯುತ್ತಿದ್ದಾರೆ? ಅವರಲ್ಲಿ 15 ಜನ ದಿನಾ ಬರುವವರಾಗಿದ್ದರೆ ಆ 15 ಟೀಯಿಂದ ಬರುತ್ತಿದ್ದ 90 ರೂಪಾಯಿ ನಿಂತುಹೋಗುತ್ತದೆ. 150 ಬಂದು 90 ಹೋದರೆ 60 ಲಾಭ, ಆಗಲೂ ಪರವಾಗಿಲ್ಲ. 25 ಜನ ಹಾಗೆ ಬರುತ್ತಿದ್ದರೆ ಬಂದದ್ದೂ ಹೋದದ್ದೂ ಸರಿಸಮ. ಅದಕ್ಕಿಂತ ಜಾಸ್ತಿ ಇದ್ದರೆ ಆರ್ಡರ್ ಬೇಡ. ಇನ್ನೊಂದು, ಫ್ಲಾಸ್ಕ್ ಹಿಡಿದು ಕೆಲಸದವನು ಹೋಗುವ ಹೊತ್ತು ಅಂಗಡಿಯಲ್ಲಿ ರಶ್ ಇರಬಾರದು. ಹನ್ನೊಂದು ಗಂಟೆಗೆ ಅವನು ಆಫೀಸಿನ ಲಿಫ್ಟ್ ಮುಂದೆ ಕಾಯುತ್ತ ನಿಂತರೆ, ಇಲ್ಲಿ ಐದು ಜನ ಕಾದು ಮುಂದಿನ ಅಂಗಡಿಗೆ ಹೋಗುತ್ತಾರೆ. 9 ರೂಪಾಯಿ ರೇಟು ಎಲ್ಲರಿಗೂ ಹಬ್ಬಿದರಂತೂ ದಿನಕ್ಕೆ 500 ಕಪ್ ಮಾರಬೇಕಾಗುತ್ತದೆ. ಇಬ್ಬರೇ ಇರುವ ಅಂಗಡಿಗೆ ಅದು ಆಗದ ಮಾತು.

ಕಣ್ಣಿಗೆ ಕಾಣದೆ ದುಡ್ಡು ಹೋಗುವ ದಾರಿ ಬೇರೆಯೇ ಇದೆ. ಅದು ಸುರಿಯುವ ಕೈ. ಕಪ್ಪಿಗೆ 90 ಮಿಲಿ ಬದಲು 100 ಮಿಲಿ ಸುರಿದರೆ ಲೀಟರ್ ಹಾಲಿಗೆ 16 ಕಪ್ ಬದಲು ಹದಿನಾಲ್ಕೂವರೆ ಕೂಡ ಆಗುವುದಿಲ್ಲ. ಟೀ ಖರ್ಚು ಕಪ್ಪಿಗೆ 6 ರೂಪಾಯಿ 56 ಪೈಸೆಗೆ ಏರುತ್ತದೆ. ಬ್ರೇಕ್ ಈವನ್ 250ರಿಂದ 276ಕ್ಕೆ ಹೋಗುತ್ತದೆ. ಒಂದು ಟೇಬಲ್ ಚಮಚಕ್ಕಿಂತ ಕಡಿಮೆ ಟೀಗೆ ದಿನಾ 26 ಗಿರಾಕಿ ಜಾಸ್ತಿ ಬೇಕು! ಹಾಲು ಲೀಟರಿಗೆ 4 ರೂಪಾಯಿ ಏರಿದರೆ ಕಪ್ಪಿಗೆ ಬೀಳುವುದು 25 ಪೈಸೆ. ಹಾಲಿನ ರೇಟು ಏರಿದಾಗ ಗಲಾಟೆ ಮಾಡುವವರು ಸುರಿಯುವ ಕೈಗೆ ಅಷ್ಟು ಗಮನ ಕೊಡುವುದಿಲ್ಲ.

ಇದನ್ನು ಹಿಡಿಯುವುದು ಕಷ್ಟವಲ್ಲ. ರಾತ್ರಿ ಖಾಲಿ ಹಾಲಿನ ಪ್ಯಾಕೆಟ್ ಎಣಿಸಿ. 16 ಲೀಟರ್ ಹೋಗಿದ್ದರೆ 256 ಕಪ್, ಅಂದರೆ 3,072 ರೂಪಾಯಿ ಬಂದಿರಬೇಕು. ಗಲ್ಲಾದಲ್ಲಿ ಇರುವುದು, ಫೋನಿಗೆ ಬಂದದ್ದು, ಉದ್ರಿ ಪುಸ್ತಕದಲ್ಲಿರುವುದು ಮೂರನ್ನೂ ಕೂಡಿ. ಬಿಸ್ಕತ್ತು, ಬನ್ನಿನ ದುಡ್ಡು ಬೇರೆ ಇಡಿ. ಐವತ್ತು ನೂರು ರೂಪಾಯಿ ಹೆಚ್ಚುಕಡಿಮೆ ಇರುವುದು ಸಹಜ. ವಾರವಿಡೀ ಮುನ್ನೂರು ಕಡಿಮೆ ಬರುತ್ತಿದ್ದರೆ ಅಳತೆ ಕಪ್ ತೆಗೆದುಕೊಂಡು ಒಂದು ಪಾತ್ರೆ ಟೀ ಸುರಿದು ನೋಡಿ. ಸುರಿಯುವುದು ಸರಿ ಇದ್ದರೆ, ಸಂಜೆ ಎಷ್ಟು ಟೀ ಚರಂಡಿಗೆ ಹೋಗುತ್ತಿದೆ ಅಂತ ನೋಡಿ.

ಬೇಸಿಗೆ ಬಂದಾಗ ಒಂದು ಪ್ರಶ್ನೆ ಏಳುತ್ತದೆ. ಏಪ್ರಿಲ್, ಮೇನಲ್ಲಿ ಜನ ಮಜ್ಜಿಗೆ, ಜ್ಯೂಸ್ ಕಡೆ ಹೋಗಿ ಟೀ ದಿನಕ್ಕೆ 200ಕ್ಕೆ ಇಳಿದರೆ ಅಂಗಡಿ ಮುಚ್ಚಿ ಊರಿಗೆ ಹೋಗಿಬಿಡುವುದೇ ಒಳ್ಳೆಯದಾ? 200 ಕಪ್ಪಿನಿಂದ ತಿಂಗಳಿಗೆ 36,000 ಕಾಂಟ್ರಿಬ್ಯೂಷನ್ ಬರುತ್ತದೆ. 27,000 ಹೊರಗಿನ ಖರ್ಚು ತೀರಿ ಮಾಲೀಕರ ಕೈಗೆ 9,000. ಅವರ ಕೂಲಿಯ ಅರ್ಧ, ಬೇಜಾರಿನ ಸಂಗತಿಯೇ. ಆದರೆ ಮುಚ್ಚಿದರೂ ಬಾಡಿಗೆ, ಬಡ್ಡಿ ನಿಲ್ಲುವುದಿಲ್ಲ, ಕೆಲಸದವನನ್ನು ಉಳಿಸಿಕೊಳ್ಳಬೇಕಾದರೆ ಸಂಬಳವೂ ಕೊಡಬೇಕು. ಕೈಯಿಂದಲೇ ತಿಂಗಳಿಗೆ 24,000 ಹೋಗುತ್ತದೆ. ಎರಡು ತಿಂಗಳು ಬೇರೆ ಕಡೆ ಕೆಲಸ ಸಿಕ್ಕಿ ತಿಂಗಳಿಗೆ 18,000 ಬಂದರೂ ನಷ್ಟ ತುಂಬುವುದಿಲ್ಲ. ಆದ್ದರಿಂದ ಬೇಸಿಗೆಯಲ್ಲೂ ಅಂಗಡಿ ತೆಗೆದೇ ಇಡಬೇಕು. ಬೆಳಗ್ಗೆ ಆರರಿಂದ ಹತ್ತರವರೆಗೆ ಟೀ, ಮಧ್ಯಾಹ್ನ ಅದೇ ಕೌಂಟರಿನಲ್ಲಿ ಮಸಾಲೆ ಮಜ್ಜಿಗೆ. ಮಜ್ಜಿಗೆಗೆ ಬೇರೆ ಬಾಡಿಗೆ ಇಲ್ಲ, ಗ್ಯಾಸೂ ಬೇಡ. 15 ರೂಪಾಯಿ ಲೋಟಕ್ಕೆ 7 ಖರ್ಚಾದರೂ 8 ಉಳಿಯುತ್ತದೆ. ದಿನಕ್ಕೆ 38 ಲೋಟ ಹೋದರೆ ಬೇಸಿಗೆಯಲ್ಲಿ ಬಿದ್ದುಹೋದ 50 ಟೀಯ ಜಾಗ ತುಂಬುತ್ತದೆ.